ಬಾರದ ಸಂಬಳದ ಲೆಕ್ಕ

ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿ. ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ, ಅಂದರೆ ಎಲ್ಲರೂ ಎಫ್‌ಡಿಎ ಎನ್ನುವ ಹುದ್ದೆಗೆ, ಓದಬೇಕೆಂದಿದ್ದಾಳೆ. ಅದಕ್ಕೆ ಧಾರವಾಡದ ಸಪ್ತಾಪುರದಲ್ಲಿ ಪಿಜಿ ಹಿಡಿದು ಒಂದು ವರ್ಷ ಕೋಚಿಂಗ್‌ಗೆ ಹೋಗಬೇಕು. ಅದೇ ಹೊತ್ತಿಗೆ ಹುಬ್ಬಳ್ಳಿಯ ಲೆಕ್ಕಪತ್ರದ ಕಚೇರಿಯೊಂದು ಆಕೆಯನ್ನು ಟ್ಯಾಲಿ ಕೆಲಸಕ್ಕೆ ಕರೆದಿದೆ, ತಿಂಗಳಿಗೆ 15,000 ರೂಪಾಯಿ. ಟ್ಯೂಷನ್ನೋ ಕೆಲಸವೋ ಎಂಬ ಈ ಪ್ರಶ್ನೆ ಪ್ರತಿ ವರ್ಷ ಪದವಿಯ ಫಲಿತಾಂಶ ಬಂದಾಗ ಸಾವಿರಾರು ಮನೆಗಳಲ್ಲಿ ಏಳುತ್ತದೆ. ಈ ಹುಡುಗಿಯೂ ಈ ಅಂಕಿಗಳೂ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ನಿಮ್ಮ ಮನೆಯ ಅಂಕಿಗಳನ್ನು ಇಟ್ಟುಕೊಂಡರೂ ಲೆಕ್ಕದ ದಾರಿ ಬದಲಾಗುವುದಿಲ್ಲ.

ಅಪ್ಪ ಹಳೆಯ ನೋಟ್‌ಬುಕ್ಕಿನಲ್ಲಿ ಖರ್ಚು ಬರೆಯುತ್ತಾರೆ. ಕೋಚಿಂಗ್ ಫೀ 30,000. ಪುಸ್ತಕ, ಅರ್ಜಿ, ಪರೀಕ್ಷಾ ಶುಲ್ಕ 8,000. ಪಿಜಿ ಬಾಡಿಗೆ, ಖಾನಾವಳಿ ಸೇರಿ ತಿಂಗಳಿಗೆ 6,500ರಂತೆ ವರ್ಷಕ್ಕೆ 78,000. ಕೂಡಿಸಿದರೆ 1,16,000. "ಒಂದ್ ಲಕ್ಷದ ಹದಿನಾರು ಸಾವಿರ ಆತವ್ವ" ಎನ್ನುತ್ತಾರೆ. ಕಷ್ಟಪಟ್ಟರೆ ಹೊಂದಿಸಬಹುದಾದ ಮೊತ್ತ.

"ಅಪ್ಪಾ, ನಾ ಹನ್ನೆರಡ್ ತಿಂಗಳ ದುಡೀದ ಇರ್ತೀನಲ್ಲ, ಅದು ಇದ್ರಾಗ ಎಲ್ಲೈತಿ?" ಎಂದು ಮಗಳು ಕೇಳಿದರೆ ಆ ಪಟ್ಟಿ ಪೂರ್ತಿ ತಿದ್ದಬೇಕಾಗುತ್ತದೆ. ಅರ್ಥಶಾಸ್ತ್ರ ಅವಕಾಶ ವೆಚ್ಚ ಎನ್ನುವುದು ಇದನ್ನೇ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದಿತ್ತೋ, ಅದರಿಂದ ಬರಬಹುದಾಗಿದ್ದ ಲಾಭವೇ ಆ ಆಯ್ಕೆಯ ಅವಕಾಶ ವೆಚ್ಚ. ಈ ವಿಚಾರಕ್ಕೆ ಅದರ ಹೆಸರನ್ನು ಕೊಟ್ಟ ಶ್ರೇಯಸ್ಸು 1914ರ ಒಂದು ಗ್ರಂಥ ಬರೆದ ವಿಯೆನ್ನಾದ ಅರ್ಥಶಾಸ್ತ್ರಜ್ಞ ಫ್ರೀಡ್ರಿಕ್ ಫಾನ್ ವೀಸರ್‌ಗೆ ಸಲ್ಲುತ್ತದೆ. ವಿದ್ಯಾರ್ಥಿಯ ವಿಷಯದಲ್ಲಿ ಅದು ಎಷ್ಟು ದೊಡ್ಡದೆಂದು ಅಳೆದು ತೋರಿಸಿದವರು ಚಿಕಾಗೊ ವಿಶ್ವವಿದ್ಯಾಲಯದ ಥಿಯೊಡೋರ್ ಶುಲ್ಟ್ಸ್. ಅಮೆರಿಕದ ಹೈಸ್ಕೂಲು, ಕಾಲೇಜುಗಳ ಶಿಕ್ಷಣಕ್ಕೆ ನಿಜವಾಗಿ ತಗಲುವ ವೆಚ್ಚವೆಷ್ಟು ಎಂದು 1960ರಲ್ಲಿ ಅವರು ಲೆಕ್ಕ ಹಾಕಿದಾಗ, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಕಟ್ಟಡದ್ದೂ ಅಲ್ಲ, ಮೇಷ್ಟ್ರ ಸಂಬಳದ್ದೂ ಅಲ್ಲ ಎಂದು ಗೊತ್ತಾಯಿತು. ಓದುತ್ತ ಕೂತ ಹುಡುಗ ಹುಡುಗಿಯರು ದುಡಿಯದೆ ಬಿಟ್ಟ ಸಂಬಳವೇ ಆ ದೊಡ್ಡ ಪಾಲು. 1979ರಲ್ಲಿ ಶುಲ್ಟ್ಸ್ ಅವರಿಗೆ ನೊಬೆಲ್ ಬಂತು.

ಆದ್ದರಿಂದಲೇ ಸರ್ಕಾರದ ಉಚಿತ ಕೋಚಿಂಗ್ ಸಿಕ್ಕ ಮೇಲೂ ಎಷ್ಟೋ ಬಡ ಮನೆಯ ಮಕ್ಕಳು ಹೋಗುವುದಿಲ್ಲ. ಫೀ ಮನ್ನಾ ಆಗಿದೆ ನಿಜ, ಆದರೆ ದೊಡ್ಡ ವೆಚ್ಚ ಹಾಗೇ ಉಳಿದಿದೆ. ಸಮಾಜ ಕಲ್ಯಾಣ ಇಲಾಖೆಯ ತರಬೇತಿಗಳಲ್ಲಿ ಶಿಷ್ಯವೇತನವನ್ನೂ ಸೇರಿಸಿರುವುದರಲ್ಲಿ ಅರ್ಥವಿದೆ. ಕಲಿಯುವವರು ಬಿಟ್ಟುಕೊಡುವ ಸಂಬಳದಲ್ಲಿ ಒಂದಿಷ್ಟನ್ನಾದರೂ ಅದು ತುಂಬುತ್ತದೆ. ಬಡವರಿಗೆ ಓದಿನ ಮಹತ್ವ ಗೊತ್ತಿಲ್ಲ ಎಂದು ಹೇಳುವವರು ಮೊದಲು ಆ ಮನೆಯ ತಿಂಗಳ ಲೆಕ್ಕ ಕೇಳಬೇಕು.

ಮತ್ತೆ ಅಪ್ಪನ ಪಟ್ಟಿಗೆ ಬರೋಣ. ಬಿಟ್ಟುಹೋದ ಸಂಬಳ ವರ್ಷಕ್ಕೆ 1,80,000. ಅದನ್ನು 1,16,000ಕ್ಕೆ ಸೇರಿಸಿ 2,96,000 ಎಂದುಬಿಟ್ಟರೆ ಲೆಕ್ಕ ತಪ್ಪುತ್ತದೆ. ಅವಕಾಶ ವೆಚ್ಚದ ಬಗ್ಗೆ ಕೇಳಿ ತಿಳಿದವರೂ ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಹುಬ್ಬಳ್ಳಿಯ ಕೆಲಸಕ್ಕೆ ಹೋದರೂ ಆಕೆ ಎಲ್ಲೋ ಒಂದು ಕಡೆ ಇರಲೇಬೇಕು, ಉಣ್ಣಲೇಬೇಕು. ಹುಬ್ಬಳ್ಳಿ ಧಾರವಾಡಗಳ ನಡುವೆ ಚಿಗರಿ ಬಸ್ಸು ಓಡುತ್ತದೆ, ಬೇಕಾದರೆ ಅದೇ ಸಪ್ತಾಪುರದ ಪಿಜಿಯಲ್ಲೇ ಇದ್ದು ಕೆಲಸಕ್ಕೆ ಹೋಗಿಬರಬಹುದು. ಹಾಗಿದ್ದರೆ 78,000 ರೂಪಾಯಿ ಕೋಚಿಂಗ್‌ನಿಂದ ಬಂದ ಖರ್ಚೇ ಅಲ್ಲ. ಎರಡೂ ದಾರಿಯಲ್ಲಿ ತಪ್ಪದ ಖರ್ಚನ್ನು ಒಂದೇ ದಾರಿಯ ತಲೆಗೆ ಕಟ್ಟುವಂತಿಲ್ಲ. ಇನ್ನು ಕೆಲಸಕ್ಕೆ ಹೋಗುವುದೂ ಪುಕ್ಕಟೆಯಲ್ಲ. ಓಡಾಟ, ಬಟ್ಟೆ, ಮಧ್ಯಾಹ್ನದ ಚಹಾ ತಿಂಡಿ ಎಂದು ತಿಂಗಳಿಗೆ 1,500 ಹೋಗುತ್ತದೆ ಎನ್ನಿ. ಸಂಬಳದಲ್ಲಿ ಅದನ್ನು ಕಳೆಯಬೇಕು.

ಗೊಂದಲವಿಲ್ಲದೆ ಲೆಕ್ಕ ಹಾಕಲು ಒಂದು ಸುಲಭದ ದಾರಿಯಿದೆ. ಪ್ರತಿ ಆಯ್ಕೆಯಲ್ಲೂ ವರ್ಷದ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಬೇರೆಬೇರೆಯಾಗಿ ಬರೆದುಕೊಳ್ಳಿ. ಹುಬ್ಬಳ್ಳಿಯ ಕೆಲಸದಲ್ಲಿ 15,000ದಿಂದ ಪಿಜಿಯ 6,500, ಓಡಾಟದ 1,500 ಕಳೆದರೆ ತಿಂಗಳಿಗೆ 7,000, ವರ್ಷಕ್ಕೆ 84,000 ಉಳಿಯುತ್ತದೆ. ಕೋಚಿಂಗ್‌ನಲ್ಲಿ ಉಳಿಯುವುದೇನೂ ಇಲ್ಲ, 1,16,000 ಕೈಬಿಟ್ಟು ಹೋಗುತ್ತದೆ. ಎರಡರ ನಡುವಿನ ಅಂತರ ಸರಿಯಾಗಿ 2,00,000. ಅಪ್ಪನ ಮೊತ್ತಕ್ಕಿಂತ ಬಹಳ ಹೆಚ್ಚು, ಆತುರದಲ್ಲಿ ಕೂಡಿಸಿದ ಮೊತ್ತಕ್ಕಿಂತ ಬಹಳ ಕಡಿಮೆ.

ಈಗ ಮೂರನೆಯ ದಾರಿಯೊಂದು ತೆರೆಯುತ್ತದೆ ಎಂದುಕೊಳ್ಳಿ. ರಾಣೆಬೆನ್ನೂರಿನ ಬೀಜದ ಅಂಗಡಿಯೊಂದು ಲೆಕ್ಕ ಬರೆಯಲು 11,000 ಕೊಡುತ್ತೇನೆ ಎನ್ನುತ್ತದೆ. ಹುಬ್ಬಳ್ಳಿಯ ಸಂಬಳಕ್ಕಿಂತ ನಾಲ್ಕು ಸಾವಿರ ಕಡಿಮೆ, ಹಾಗಾಗಿ ಮನೆಯವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಆದರೆ ಈ ಕೆಲಸಕ್ಕೆ ಊರಿನಿಂದಲೇ ಹೋಗಿಬರಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಆಕೆ ಟಿಕೆಟ್ಟಿನ ದುಡ್ಡು ಕೊಡಬೇಕಾಗಿಲ್ಲ. ಮನೆಯ ಊಟಕ್ಕೆ ಆಕೆಯ ಪಾಲೆಂದು ತಿಂಗಳಿಗೆ 2,000 ತೆಗೆದಿಟ್ಟರೂ 9,000 ಉಳಿಯುತ್ತದೆ, ವರ್ಷಕ್ಕೆ 1,08,000. ಸಂಬಳ ಕಡಿಮೆಯಿದ್ದರೂ ಉಳಿಕೆಯಲ್ಲಿ ಈ ಕೆಲಸ ಹುಬ್ಬಳ್ಳಿಯದಕ್ಕಿಂತ 24,000 ಮುಂದಿದೆ. ಬಿಟ್ಟವುಗಳಲ್ಲಿ ಉತ್ತಮವಾದದ್ದು ಈಗ ಇದೇ ಆದ್ದರಿಂದ ಕೋಚಿಂಗ್‌ನ ನಿಜವಾದ ಬೆಲೆ 1,16,000 ಮತ್ತು 1,08,000 ಸೇರಿ 2,24,000 ಆಗುತ್ತದೆ. ಮನೆಯಿಂದಲೇ ಕೆಲಸಕ್ಕೆ ಹೋಗಬಹುದಾಗಿದ್ದರಿಂದ ಈ ಲೆಕ್ಕದಲ್ಲಿ ಪಿಜಿ ಬಾಡಿಗೆ ಮತ್ತೆ ಕೋಚಿಂಗ್‌ನ ಖರ್ಚೇ ಆಯಿತು. ಹೋಲಿಸುವ ದಾರಿ ಬದಲಾದರೆ ಖರ್ಚು ಯಾವುದರದು ಎಂಬುದೂ ಬದಲಾಗುತ್ತದೆ.

ಹುಬ್ಬಳ್ಳಿಯ 84,000ವನ್ನೂ ಇದಕ್ಕೆ ಕೂಡಿಸಬೇಕೇ? ಕೂಡದು. ಒಬ್ಬಳೇ ಹುಡುಗಿ ಒಂದೇ ವರ್ಷದಲ್ಲಿ ಎರಡೂ ಕಡೆ ದುಡಿಯಲಾರಳು, ಹಾಗಾಗಿ ಎರಡನ್ನೂ ಕಳೆದುಕೊಳ್ಳಲಾರಳು ಕೂಡ. ಹುಬ್ಬಳ್ಳಿಯಲ್ಲಿ ಜಿಎಸ್‌ಟಿ ರಿಟರ್ನ್ಸ್ ತುಂಬುವ ಕೆಲಸ ಕಲಿತು ಮುಂದೆ ಹೆಚ್ಚು ಸಂಬಳಕ್ಕೆ ಹೋಗಬಹುದು ಎಂದು ಆಕೆಗೆ ಅನಿಸಿದರೆ, ಆ ಕಲಿಕೆಯ ಬೆಲೆ ತನಗೆ ಎಷ್ಟೆಂದು ಯೋಚಿಸಿ ಆ ಕೆಲಸದ ಪಕ್ಕಕ್ಕೆ ಬರೆದುಕೊಳ್ಳಬೇಕು. ವರ್ಷಕ್ಕೆ 24,000ಕ್ಕಿಂತ ಹೆಚ್ಚು ಎನಿಸಿದರೆ ಉತ್ತಮ ದಾರಿ ಮತ್ತೆ ಹುಬ್ಬಳ್ಳಿಯದಾಗುತ್ತದೆ. ಅವಕಾಶ ವೆಚ್ಚದಲ್ಲಿ ದುಡ್ಡಿನ ಜೊತೆಗೆ ಇಂಥವಕ್ಕೂ ಜಾಗವಿದೆ.

ಈ ಉಳಿಕೆಯ ಲೆಕ್ಕ ಪಂಡಿತರಿಗೂ ಸುಲಭವಲ್ಲ. 2005ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ವಾರ್ಷಿಕ ಸಮ್ಮೇಳನಕ್ಕೆ ಬಂದಿದ್ದ 199 ಮಂದಿಗೆ ಪಾಲ್ ಫೆರಾರೊ, ಲಾರಾ ಟೇಲರ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಶ್ನೆ ಕೊಟ್ಟರು. ಎರಿಕ್ ಕ್ಲಾಪ್ಟನ್ ಗಾಯನದ ಟಿಕೆಟ್ ನಿಮಗೆ ಬಿಟ್ಟಿ ಸಿಕ್ಕಿದೆ, ಅದನ್ನು ಮಾರುವಂತಿಲ್ಲ. ಅದೇ ರಾತ್ರಿ ಬಾಬ್ ಡಿಲನ್ ಗಾಯನವೂ ಇದೆ, ಟಿಕೆಟ್ 40 ಡಾಲರ್. ಡಿಲನ್ ಹಾಡು ಕೇಳಲು ನೀವು 50 ಡಾಲರ್‌ವರೆಗೆ ಕೊಡಲು ತಯಾರಿದ್ದೀರಿ. ಹಾಗಾದರೆ ಕ್ಲಾಪ್ಟನ್ ಗಾಯನಕ್ಕೆ ಹೋಗುವುದರ ಅವಕಾಶ ವೆಚ್ಚ ಎಷ್ಟು? ಕೊಟ್ಟಿದ್ದ ನಾಲ್ಕು ಉತ್ತರಗಳು ಸೊನ್ನೆ, 10, 40 ಮತ್ತು 50 ಡಾಲರ್. ಸಂಶೋಧಕರ ಪ್ರಕಾರ ಸರಿಯುತ್ತರ 10, ಏಕೆಂದರೆ ಡಿಲನ್ ಕಡೆ ಹೋಗಿದ್ದರೆ 50ರ ಸಂತೋಷಕ್ಕೆ 40 ಕೊಟ್ಟು ಅಷ್ಟೇ ಉಳಿಯುತ್ತಿತ್ತು. ಹಾಗೆ ಉತ್ತರಿಸಿದವರು ನೂರಕ್ಕೆ 21.6 ಮಂದಿ. ಕಣ್ಣುಮುಚ್ಚಿ ಗುರುತು ಹಾಕಿದ್ದರೂ ಇಪ್ಪತ್ತೈದು ಮಂದಿ ಸರಿಯಾಗುತ್ತಿದ್ದರು. ಪ್ರಶ್ನೆ ಕೇಳಿದ ರೀತಿಯಲ್ಲೇ ಸ್ಪಷ್ಟತೆಯಿಲ್ಲ ಎಂದು ಆಮೇಲೆ ಕೆಲವರು ತಕರಾರು ತೆಗೆದದ್ದೂ ಉಂಟು. ನಮ್ಮ ಹುಡುಗಿಯ ಲೆಕ್ಕದಲ್ಲಿ 15,000 ಬಿಟ್ಟು ಉಳಿಕೆಯ 7,000 ಹಿಡಿದದ್ದು ಈ 10 ಡಾಲರಿನ ದಾರಿಯಲ್ಲೇ.

ಇಲ್ಲಿಯವರೆಗಿನ ಲೆಕ್ಕ ಸಾಲವಿಲ್ಲದ ಮನೆಯದು. ಸಾಲವಿದ್ದರೆ ಅದೇ 9,000ದ ತೂಕ ಬೇರೆ. ಅಕ್ಕನ ಮದುವೆಗೆ ಒಂದು ಲಕ್ಷ ಕೈಗಡ ತಂದಿದ್ದಾರೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ ಬಡ್ಡಿಯೇ 36,000. ರಾಣೆಬೆನ್ನೂರಿನ ಕೆಲಸ ಹಿಡಿದು ಮಗಳು ತಿಂಗಳಾ 9,000 ಕಟ್ಟುತ್ತ ಹೋದರೆ ಆ ಸಾಲ ಹದಿನಾಲ್ಕನೆಯ ತಿಂಗಳಲ್ಲಿ ತೀರಿಬಿಡುತ್ತದೆ. ಕಟ್ಟಿದ ಪ್ರತಿ ಕಂತು ಮುಂದಿನ ಬಡ್ಡಿಯನ್ನೂ ಇಳಿಸುವುದರಿಂದ, ಹನ್ನೆರಡು ತಿಂಗಳ 1,08,000 ರೂಪಾಯಿ ವರ್ಷದ ಕೊನೆಗೆ 1,27,000ಕ್ಕಿಂತ ಹೆಚ್ಚಿನ ಭಾರ ಇಳಿಸಿರುತ್ತದೆ. ಒಂದೇ ಕೋಚಿಂಗ್ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ, ಒಂದೇ ಫೀ ಕಟ್ಟಿ ಕೂತ ಇಬ್ಬರಲ್ಲಿ ಸಾಲದ ಮನೆಯಿಂದ ಬಂದವಳು ಹೆಚ್ಚಿನ ಬೆಲೆ ಕೊಟ್ಟು ಕೂತಿದ್ದಾಳೆ. ಇದು ರಶೀದಿಯಲ್ಲಿ ಕಾಣುವುದಿಲ್ಲ. ನನ್ನ ಮನಸ್ಸಿಗೆ ಹೆಚ್ಚು ತಟ್ಟುವ ಅಸಮಾನತೆ ಇದು.

ಇನ್ನೊಂದು ತಟ್ಟೆಯಲ್ಲಿ ಏನಿದೆ? ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ ಎಫ್‌ಡಿಎ ಹುದ್ದೆಯ ಆರಂಭದ ಮೂಲ ವೇತನವೇ 44,425 ರೂಪಾಯಿ. ಆ ಹೊತ್ತಿಗೆ ಖಾಸಗಿ ಕೆಲಸದಲ್ಲಿ ಆಕೆ 19,000 ಅಥವಾ 20,000ಕ್ಕೆ ಏರಿದ್ದರೂ ತಿಂಗಳಿಗೆ ಸುಮಾರು 25,000ದ ಅಂತರ. ಹತ್ತು ವರ್ಷಕ್ಕೆ 30 ಲಕ್ಷ. ಮುಂದೆ ಬರುವ ರೂಪಾಯಿ ಇವತ್ತಿನ ರೂಪಾಯಿಯಷ್ಟು ಬಾಳುವುದಿಲ್ಲ, ಅದನ್ನು ಸದ್ಯಕ್ಕೆ ಬದಿಗಿಡೋಣ. ಹುದ್ದೆ ಸಿಗುವುದು ಖಾತ್ರಿಯಾಗಿದ್ದರೆ 2,24,000 ಕೊಟ್ಟು ಇದನ್ನು ಪಡೆಯಲು ಯಾರೂ ಹಿಂದೆಮುಂದೆ ನೋಡಬೇಕಾಗಿಲ್ಲ. ಕೋಚಿಂಗ್ ಕೇಂದ್ರದ ಬ್ಯಾನರ್‌ಗಳು ತೋರಿಸುವುದೂ ಆಯ್ಕೆಯಾದವರ ಫೋಟೊ ಮಾತ್ರ. ಆಯ್ಕೆಯಾಗದವರ ಫೋಟೊ ಹಾಕಲು ಯಾವ ಬ್ಯಾನರೂ ಸಾಲದು.

ಖಾತ್ರಿಯಿಲ್ಲದಾಗ ಕೇಳಬೇಕಾದ ಪ್ರಶ್ನೆ ಇದು: ಈ ವರ್ಷದ ಕೋಚಿಂಗ್‌ನಿಂದ ಆಯ್ಕೆಯ ಸಾಧ್ಯತೆ ಎಷ್ಟು ಹೆಚ್ಚುತ್ತದೆ? ರಾಣೆಬೆನ್ನೂರಿನ ಕೆಲಸ ಮಾಡುತ್ತಲೇ ಬೆಳಿಗ್ಗೆ ಎರಡು ತಾಸು, ರಾತ್ರಿ ಎರಡು ತಾಸು ಓದಿ ಪರೀಕ್ಷೆ ಬರೆದರೂ ಒಂದಿಷ್ಟು ಸಾಧ್ಯತೆ ಇದ್ದೇ ಇದೆ. ಅದಕ್ಕಿಂತ ಮೇಲೆ ಎಷ್ಟು ಸಿಗುತ್ತದೋ ಅಷ್ಟಕ್ಕೇ ಆಕೆ 2,24,000 ತೆರುತ್ತಿರುವುದು. 30 ಲಕ್ಷದಲ್ಲಿ 2,24,000 ಎಂದರೆ ನೂರಕ್ಕೆ ಏಳೂವರೆ. ಕೆಲಸದ ಜೊತೆ ಓದಿದರೆ ನೂರರಲ್ಲಿ ಐದು ಸಾಧ್ಯತೆ, ಪೂರ್ತಿ ಹೊತ್ತು ಓದಿದರೆ ಹದಿನೈದು ಎಂದು ಆಕೆಗೆ ನಿಜವಾಗಿ ಅನಿಸಿದರೆ ಕೋಚಿಂಗ್ ತೂಗುತ್ತದೆ. ಐದು ಎಂಟಾಗುತ್ತದೆ ಅಷ್ಟೇ ಎನಿಸಿದರೆ ತೂಗುವುದಿಲ್ಲ. ಈ ಅಂದಾಜು ಗಾಳಿಯಲ್ಲಿ ಗುಂಡು ಹೊಡೆದಂತೆ ಆಗಬೇಕಾಗಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ತಪ್ಪಿಗೆ ಕಳೆಯುವ ಅಂಕವನ್ನೂ ಕಳೆದು, ಹಿಂದಿನ ಸಲದ ತನ್ನ ವರ್ಗದ ಕಟ್‌ಆಫ್ ಪಕ್ಕಕ್ಕಿಟ್ಟು ನೋಡಿದರೆ ತಾನು ಎಲ್ಲಿದ್ದೇನೆ ಎಂಬುದು ಒಂದು ಭಾನುವಾರದಲ್ಲಿ ಗೊತ್ತಾಗುತ್ತದೆ. ಕಟ್‌ಆಫ್‌ಗೆ ಹತ್ತು ಅಂಕ ಕಡಿಮೆ ಇರುವವಳಿಗೂ ಅರವತ್ತು ಅಂಕ ಕಡಿಮೆ ಇರುವವಳಿಗೂ ಒಂದು ವರ್ಷದ ಓದು ಒಂದೇ ಪ್ರಮಾಣದ ಸಾಧ್ಯತೆ ಕೊಡುವುದಿಲ್ಲ. ಫೀ ಕಟ್ಟುವ ಮೊದಲು ಮಾಡಬೇಕಾದ ಕೆಲಸ ಇದು.

ಕಟ್ಟಿದ ಮೇಲೆ ಬೇರೊಂದು ತೊಡಕು ಶುರುವಾಗುತ್ತದೆ. ಮೊದಲ ವರ್ಷ ಆಯ್ಕೆಯಾಗಲಿಲ್ಲ. "ಇಷ್ಟ್ ಖರ್ಚ ಮಾಡೀವಿ, ಈಗ ಬಿಟ್ರ ಎಲ್ಲಾ ನೀರಾಗ ಹೋಮ ಆಕ್ಕೈತಿ" ಎಂದು ಅಪ್ಪ ಹೇಳುವುದು ಸಹಜ. ಆದರೆ ಹೋದ ವರ್ಷದ 2,24,000 ಈಗ ಎರಡೂ ದಾರಿಯಲ್ಲಿ ವಾಪಸು ಬಾರದ ದುಡ್ಡು. ಆ ಪಿಜಿ ಬಾಡಿಗೆ ಎರಡು ದಾರಿಯಲ್ಲೂ ತಪ್ಪದಿದ್ದುದರಿಂದ ಲೆಕ್ಕದಿಂದ ಬಿದ್ದುಹೋದಂತೆ, ಇದೂ ಅದೇ ಕಾರಣಕ್ಕೆ ಬಿದ್ದುಹೋಗಬೇಕು. ಎರಡನೆಯ ವರ್ಷವನ್ನು ಹೊಸದಾಗಿ ತೂಗಬೇಕು. ಪುಸ್ತಕಗಳು ಈಗಾಗಲೇ ಇವೆ, ಫೀಯಲ್ಲಿ ರಿಯಾಯಿತಿ ಸಿಗಬಹುದು, ಹಾಗಾಗಿ ಖರ್ಚಿನ ಪಟ್ಟಿ ಚಿಕ್ಕದಾಗಿ ಕಾಣುತ್ತದೆ. ಅವಕಾಶ ವೆಚ್ಚ ಮಾತ್ರ ದೊಡ್ಡದಾಗಿರುತ್ತದೆ. ಟ್ಯಾಲಿ ಮರೆಯುತ್ತಿದೆ, ಜಿಎಸ್‌ಟಿ ನಿಯಮಗಳು ಬದಲಾಗುತ್ತಿವೆ, ಎರಡು ವರ್ಷ ಏನು ಮಾಡುತ್ತಿದ್ದೆ ಎಂದು ಕೆಲಸ ಕೊಡುವವರು ಕೇಳುತ್ತಾರೆ. ಜೊತೆಯವಳು ಈಗ 18,000ಕ್ಕೆ ಏರಿದ್ದಾಳೆ. ಮೂರನೆಯ, ನಾಲ್ಕನೆಯ ವರ್ಷಕ್ಕೆ ಇದು ಇನ್ನೂ ಏರುತ್ತದೆ, ಓದಿನಿಂದ ಹೆಚ್ಚುವ ಅಂಕ ಮಾತ್ರ ಪ್ರತಿ ವರ್ಷ ಕಡಿಮೆಯಾಗುತ್ತ ಬರುತ್ತದೆ. ಮಾದರಿ ಪರೀಕ್ಷೆಯ ಅಂಕ ನಾಲ್ಕೈದು ತಿಂಗಳಿಂದ ಒಂದೇ ಕಡೆ ನಿಂತಿದ್ದರೆ ಆ ಗಡಿ ಬಂದಿದೆ ಎಂದು ತಿಳಿಯಬಹುದು. ಆಗ ಕೆಲಸಕ್ಕೆ ಸೇರಿದವಳನ್ನು ಸೋತವಳು ಎಂದು ಕರೆಯುವ ಊರಿನ ಮಾತು ಬಹಳ ಕ್ರೂರವಾದದ್ದು, ಲೆಕ್ಕದ ದೃಷ್ಟಿಯಿಂದಲೂ ತಪ್ಪಾದದ್ದು.

ಈ ವೆಚ್ಚವನ್ನು ಹುಡುಗಿಯೂ ಅಪ್ಪನೂ ಮಾತ್ರ ನಿರ್ಧರಿಸುವುದಿಲ್ಲ. ಪರೀಕ್ಷೆ ನಡೆಸುವವರೂ ನಿರ್ಧರಿಸುತ್ತಾರೆ. ರಾಜ್ಯದ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು. ವಿಷಯ ಹೈಕೋರ್ಟಿಗೆ ಹೋಗಿ, ಮರುಪರೀಕ್ಷೆ ಎಂದು ತೀರ್ಮಾನವಾಗಿ, ಅದು ನಡೆದದ್ದು 2024ರ ಜನವರಿ 23ರಂದು. ನಡುವೆ ಇಪ್ಪತ್ತೇಳು ತಿಂಗಳಿಗೂ ಹೆಚ್ಚು ಕಾಲ. ತಿಂಗಳಿಗೆ 9,000 ಉಳಿಸಬಲ್ಲ ಕೆಲಸ ಬಿಟ್ಟು ಆ ಅವಧಿಯುದ್ದಕ್ಕೂ ಓದುತ್ತ ಕಾದ ಒಬ್ಬ ಪ್ರಾಮಾಣಿಕ ಅಭ್ಯರ್ಥಿ ಕಳೆದುಕೊಂಡದ್ದು 2,43,000. ಕಾದವರೆಲ್ಲರದ್ದನ್ನು ಕೂಡಿಸಿದರೆ ಏನಾದೀತು! ಸರ್ಕಾರದ ಯಾವ ಲೆಕ್ಕಪತ್ರದಲ್ಲೂ ಈ ಮೊತ್ತ ಖರ್ಚೆಂದು ದಾಖಲಾಗಿಲ್ಲ, ಏಕೆಂದರೆ ಅದನ್ನು ತೆತ್ತದ್ದು ಖಜಾನೆಯಲ್ಲ. ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯೂ ಹೀಗೆಯೇ. 2024ರ ಆಗಸ್ಟ್ 27ರಂದು ನಡೆದ ಪರೀಕ್ಷೆಯ ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದವೆಂದು ಡಿಸೆಂಬರ್ 29ರಂದು ಮತ್ತೆ ಬರೆಸಲಾಯಿತು. ಪಿಜಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಅದು ಇನ್ನೂ ನಾಲ್ಕು ತಿಂಗಳ ಬಾಡಿಗೆ, ನಾಲ್ಕು ತಿಂಗಳ ಬಾರದ ಸಂಬಳ. ವಿಳಂಬಕ್ಕೆ ಬೆಲೆಯೇ ಇಲ್ಲ ಎಂಬಂತೆ ವರ್ತಿಸುವ ವ್ಯವಸ್ಥೆಯೊಂದು ತನ್ನ ಯುವಜನರ ಜೇಬಿನಿಂದ ಸದ್ದಿಲ್ಲದೆ ತೆರಿಗೆ ಎತ್ತುತ್ತಿದೆ ಎಂದೇ ನಾನು ಹೇಳುತ್ತೇನೆ.

ಕೇಂದ್ರ ಲೋಕಸೇವಾ ಆಯೋಗ ಮುಂದಿನ ವರ್ಷದ ಪರೀಕ್ಷೆಗಳ ವೇಳಾಪಟ್ಟಿಯನ್ನು ಮುಂಚೆಯೇ ಪ್ರಕಟಿಸುತ್ತದೆ. ಎಫ್‌ಡಿಎ ಪರೀಕ್ಷೆಗೂ ಹಾಗೆ ಒಂದು ದಿನಾಂಕ ಗೊತ್ತಾಗಿ, ಅದು ಬದಲಾಗದೆ ನಿಂತರೆ ಈ ಹುಡುಗಿಯ ಲೆಕ್ಕ ಪೂರ್ತಿ ಬೇರೆಯಾಗುತ್ತದೆ. ಆಕೆ ಒಂಬತ್ತು ತಿಂಗಳು ರಾಣೆಬೆನ್ನೂರಿನಲ್ಲಿ ಲೆಕ್ಕ ಬರೆಯುತ್ತ ರಾತ್ರಿ ಓದಿ, ಕೊನೆಯ ಮೂರು ತಿಂಗಳಿಗೆ ಮಾತ್ರ ಧಾರವಾಡಕ್ಕೆ ಹೋಗಬಹುದು. ಮೂರು ತಿಂಗಳ ಪಿಜಿ, ಖಾನಾವಳಿ 19,500. ಕಿರು ಅವಧಿಯ ತರಗತಿಗೆ 12,000. ಪುಸ್ತಕ, ಅರ್ಜಿಗೆ ಅದೇ 8,000. ಮೂರು ತಿಂಗಳು ಉಳಿಸದೆ ಹೋದದ್ದು 27,000. ಎಲ್ಲ ಸೇರಿ 66,500 ರೂಪಾಯಿ. 2,24,000ದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟಾದರೆ ಕೈಗಡ ತಂದ ಮನೆಯ ಮಗಳೂ ಪರೀಕ್ಷೆಗೆ ಕೂರಬಲ್ಲಳು.